ಟೋಟಲ್ ಇಳಿದಿತ್ತು, ಡೈರೆಕ್ಟ್ ಏರಿತ್ತು

ಚಿಂತಾಮಣಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರಕ್ತ ತೆಗೆಯುವುದು, ಸೆಮಿ ಆಟೋ ಮೆಷಿನ್ನಿನಲ್ಲಿ ರನ್ ಮಾಡುವುದು, ರಿಪೋರ್ಟ್ ಎಂಟ್ರಿ, ಡಿಸ್ಪ್ಯಾಚ್, ಎಲ್ಲ ನನ್ನದೇ. ಜೊತೆಗೆ ಒಬ್ಬ ಹುಡುಗ ಇದ್ದಾನೆ, ಅವನು ಹೋಮ್ ಕಲೆಕ್ಷನ್‌ಗೆ ಹೋದರೆ ಕೌಂಟರ್ ಕೂಡ ನಾನೇ. ಅವತ್ತು ಹಾಗೇ ಆಗಿತ್ತು.

ಮಧ್ಯಾಹ್ನ ಒಂದೂವರೆ. ಶಿಡ್ಲಘಟ್ಟ ಕಡೆಯ ಒಬ್ಬ ತಂದೆ ಮಗುವಿನ ರಿಪೋರ್ಟಿಗೆ ಬಂದಿದ್ದರು. ರೇಷ್ಮೆ ರೀಲಿಂಗ್ ಕೆಲಸ ಮಾಡುವವರು, ಅದನ್ನು ಬಿಟ್ಟು ಬಂದಿದ್ದರಿಂದ ಅವಸರದಲ್ಲಿದ್ದರು. ಹೆಂಡತಿ ಬಾಣಂತನಕ್ಕೆ ನಮ್ಮೂರ ಹತ್ತಿರದ ತವರಿನಲ್ಲಿದ್ದರು. ಮಗುವಿಗೆ 26 ದಿನ. ಹುಟ್ಟಿದ ನಾಲ್ಕನೇ ದಿನವೂ ನಮ್ಮಲ್ಲೇ ಕಾಮಾಲೆ ನೋಡುವ ಬಿಲಿರುಬಿನ್ ಪರೀಕ್ಷೆ ಮಾಡಿಸಿದ್ದರು. ಆಗ ಟೋಟಲ್ 17.2 ಬಂದಿತ್ತು. ಡಾಕ್ಟ್ರು ಎರಡು ದಿನ ಲೈಟ್ ಕೆಳಗೆ ಇಡಿಸಿ ಮನೆಗೆ ಕಳಿಸಿದ್ದರು. ಕಣ್ಣಿನ ಹಳದಿ ಮಾತ್ರ ಪೂರ್ತಿ ಹೋಗಲಿಲ್ಲ. 21ನೇ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಅದನ್ನು ನೋಡಿ, ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಅವರು ಹೇಳಿದ ಮೇಲೂ ಐದು ದಿನ ಕಾಮಾಲೆಯ ನಾಟಿ ಔಷಧಿಯಲ್ಲಿ ಹೋಗಿತ್ತು.

ಕಂಪ್ಯೂಟರಿನಲ್ಲಿ ಹಳೇ ರಿಪೋರ್ಟ್ ಪಕ್ಕದಲ್ಲಿ ಹೊಸದು ಕಾಣುತ್ತಿತ್ತು. ಅವರು ಕೇಳಿದರು, "ಮೇಡಂ, ಹೆಂಗಿದೆ?" ನಾನು ಮೇಲಿನ ಸಾಲು ನೋಡಿದೆ. ಟೋಟಲ್ 8.1. "ಹದಿನೇಳು ಇದ್ದದ್ದು ಎಂಟಾಗಿದೆ ಅಣ್ಣ, ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ಭಯ ಇಲ್ಲ" ಎಂದೆ. ಅವರ ಮುಖ ಅರಳಿತು. ಹಾಗಾದರೆ ಡಾಕ್ಟ್ರ ಹತ್ತಿರ ಇವತ್ತೇ ಹೋಗಬೇಕಾ ಎಂದು ಕೇಳಿದರು. ಇನ್ಯಾವಾಗ ಆ ಕಡೆ ಬರುತ್ತೀರೋ ಆಗ ತೋರಿಸಿ ಎಂದುಬಿಟ್ಟೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ರಿಪೋರ್ಟ್ ಕೊಡುವುದಷ್ಟೇ ನನ್ನ ಕೆಲಸ. ಅವರು ರಿಪೋರ್ಟ್ ಮಡಚಿ ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದರು.

ಸಂಜೆ ಐದೂ ಮುಕ್ಕಾಲಿಗೆ ಲಾಗ್‌ಬುಕ್ ಬರೆಯಲು ಕೂತೆ. ಲಾಗ್‌ಬುಕ್ಕಿನಲ್ಲಿ ಒಂದೊಂದೇ ಅಂಕಿಯನ್ನು ಕೈಯಲ್ಲಿ ಬರೆಯಬೇಕು. ಟೋಟಲ್ 8.1 ಬರೆದೆ. ಡೈರೆಕ್ಟ್ 4.6 ಬರೆದೆ. ಪೆನ್ನು ಅಲ್ಲೇ ನಿಂತಿತು.

ಇದು ಯಾಕೆ ಹೆದರಿಕೆಯ ಅಂಕಿ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಬರುತ್ತದೆ. ಆಗ ಅದು ನೀರಿನಲ್ಲಿ ಕರಗದ ರೂಪದಲ್ಲಿರುತ್ತದೆ. ಅದೇ ಇಂಡೈರೆಕ್ಟ್. ಲಿವರ್ ಅದನ್ನು ಹಿಡಿದು, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತದ ಜೊತೆ ಕರುಳಿಗೆ ಬಿಡುತ್ತದೆ. ಲಿವರ್ ಹೀಗೆ ಬದಲಾಯಿಸಿದ ರೂಪವೇ ಡೈರೆಕ್ಟ್. ಮಲಕ್ಕೆ ಹಳದಿ ಬಣ್ಣ ಬರುವುದು ಇದರಿಂದಲೇ. ಹೊಸದಾಗಿ ಹುಟ್ಟಿದ ಮಗುವಿನಲ್ಲಿ ರಕ್ತಕಣ ಜಾಸ್ತಿ ಒಡೆಯುತ್ತವೆ, ಲಿವರ್ ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಹಾಗಾಗಿ ಮೊದಲ ವಾರ ಇಂಡೈರೆಕ್ಟ್ ಏರುತ್ತದೆ, ಮೂರರಿಂದ ಐದನೇ ದಿನದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಎಷ್ಟೋ ಮಕ್ಕಳಲ್ಲಿ ಕಾಣುವುದು ಇದೇ. ತಾಯಿಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ಇಂಡೈರೆಕ್ಟ್ ಕೆಲವು ವಾರ ಉಳಿಯುವುದೂ ಉಂಟು.

ಡೈರೆಕ್ಟ್ ಏರುವ ಕಥೆ ಬೇರೆ. ಲಿವರ್ ತನ್ನ ಕೆಲಸ ಮಾಡಿದೆ, ಆದರೆ ತಯಾರಾದದ್ದು ಹೊರಗೆ ಹೋಗುತ್ತಿಲ್ಲ ಎಂದು ಅರ್ಥ. ಹೋಗುವ ದಾರಿ ಮುಚ್ಚಿರಬಹುದು, ಇಲ್ಲವೇ ಲಿವರ್‌ಗೇ ಪೆಟ್ಟು ಬಿದ್ದಿರಬಹುದು. ಸೋಂಕು, ಥೈರಾಯ್ಡ್ ತೊಂದರೆ, ಹುಟ್ಟಿನಿಂದ ಬರುವ ಕೆಲವು ಕಾಯಿಲೆ, ಕಾರಣ ಹಲವು ಇವೆ. ಅವುಗಳಲ್ಲಿ ಒಂದು ಬಿಲಿಯರಿ ಅಟ್ರೀಸಿಯಾ. ಲಿವರ್‌ನಿಂದ ಪಿತ್ತ ಹೊರಬರುವ ನಾಳ ಮುಚ್ಚಿಹೋಗುವ ಕಾಯಿಲೆ. ಅದಕ್ಕೆ ಕಸಾಯ್ ಎಂಬ ಆಪರೇಷನ್ ಇದೆ. ಅದನ್ನು 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಈ ಮಗುವಿಗೆ ಆಗಲೇ 26.

ಮೊದಲು ನನ್ನ ಕೆಲಸವನ್ನೇ ಅನುಮಾನಿಸಿದೆ. ಸ್ಯಾಂಪಲ್ ಹೀಮೊಲೈಸ್ ಆಗಿದ್ದರೆ, ಅಂದರೆ ಅದರಲ್ಲಿ ರಕ್ತಕಣ ಒಡೆದಿದ್ದರೆ, ಡೈರೆಕ್ಟ್ ತಪ್ಪು ಬರುತ್ತದೆ. ರ‍್ಯಾಕಿನಲ್ಲಿದ್ದ ಸೀರಮ್ ಎತ್ತಿ ನೋಡಿದೆ, ಕೆಂಪಿಲ್ಲ, ಕಡು ಹಳದಿ. ಬೆಳಕಿಗೆ ಬಿದ್ದರೆ ಬಿಲಿರುಬಿನ್ ಒಡೆದು ಕಡಿಮೆ ತೋರಿಸುತ್ತದೆ, ಜಾಸ್ತಿ ತೋರಿಸುವುದಿಲ್ಲ. ಬ್ಲಾಂಕ್ ಹಾಕಿ ಮತ್ತೆ ರನ್ ಮಾಡಿದೆ. 4.4. ಅಂದರೆ ಬೆಳಗಿನದು ಸರಿಯೇ. ನನ್ನ ಮಾತು ಮಾತ್ರ ತಪ್ಪಾಗಿತ್ತು.

ರಿಜಿಸ್ಟರಿನಲ್ಲಿದ್ದ ನಂಬರ್ ಸ್ವಿಚ್ ಆಫ್. ನಾಲ್ಕು ಸಲ ಮಾಡಿದೆ. ನರ್ಸಿಂಗ್ ಹೋಮಿಗೆ ಫೋನ್ ಮಾಡಿ, ಹೆರಿಗೆಯ ಕೇಸ್‌ಶೀಟಿನಿಂದ ಇನ್ನೊಂದು ನಂಬರ್ ಹುಡುಕಿಸಿದೆ. ಸಿಸ್ಟರ್ ಹುಡುಕುತ್ತಿದ್ದ ಆ ಹತ್ತು ನಿಮಿಷ ನನಗೆ ಕೂರಲು ಆಗಲಿಲ್ಲ. ಕೊನೆಗೆ ಸಿಕ್ಕಿದ್ದು ಮಗುವಿನ ಅಜ್ಜಿ.

"ಅಜ್ಜಿ, ಮಗು ಕಕ್ಕ ಯಾವ ಬಣ್ಣ ಮಾಡುತ್ತೆ?"

"ಬೆಳ್ಳಗೆ ಮಾಡ್ತದಮ್ಮ, ಹಾಲು ಕುಡಿಯೋ ಕೂಸಲ್ವಾ?"

"ಅರಿಶಿನದ ಥರಾನಾ, ಸುಣ್ಣದ ಥರಾನಾ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಾದರು. "ಮೈದಾ ಕಲಸಿದಂಗೆ ಇರ್ತದೆ" ಎಂದರು. ಉಚ್ಚೆ ಕೇಳಿದೆ. ಲಂಗೋಟಿ ಮೇಲೆ ಹಳದಿ ಕಲೆ ಕೂರುತ್ತದೆ, ಒಗೆದರೂ ಹೋಗುವುದಿಲ್ಲ ಎಂದರು. ಹಾಲು ಚೆನ್ನಾಗಿ ಕುಡಿಯುತ್ತದೆ, ತೂಕವೂ ಬಂದಿದೆ, ಅದಕ್ಕೇ ನಮಗೆ ಯೋಚನೆ ಇರಲಿಲ್ಲ ಎಂದರು. ಈ ಕಾಯಿಲೆಯ ಮಕ್ಕಳು ಮೊದಮೊದಲು ಹೀಗೇ ಚೆನ್ನಾಗಿಯೇ ಕಾಣುತ್ತವೆ.

ಹಾಲು ಕುಡಿಯುವ ಕೂಸಿನ ಮಲ ಬೆಳ್ಳಗಿರುತ್ತದೆ ಎನ್ನುವುದು ನಮ್ಮ ಕಡೆ ಎಷ್ಟೋ ಜನರ ನಂಬಿಕೆ. ಅದು ತಪ್ಪು. ತಾಯಿಹಾಲು ಕುಡಿಯುವ ಮಗುವಿನ ಮಲ ಸಾಸಿವೆ ಅರೆದಂತೆ ಹಳದಿ ಇರಬೇಕು, ಕೆಲವೊಮ್ಮೆ ಹಸಿರು ಛಾಯೆ ಇದ್ದರೂ ಪರವಾಗಿಲ್ಲ. ಸುಣ್ಣ, ಮೈದಾ, ಒಣ ಜೇಡಿಮಣ್ಣಿನ ಬಣ್ಣ ಬಂದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದು ಅನುಮಾನಿಸಬೇಕು. ಉಚ್ಚೆ ಹೆಚ್ಚುಕಡಿಮೆ ನೀರಿನ ಹಾಗೆ ಇರಬೇಕು, ಬಟ್ಟೆಗೆ ಕಲೆ ಹಿಡಿಯಬಾರದು.

ಅವತ್ತೇ ರಾತ್ರಿ ಅವರನ್ನು ಡಾಕ್ಟ್ರ ಹತ್ತಿರ ಕರೆಸಿದೆವು. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು, ಮರುದಿನ ಬೆಳಿಗ್ಗೆಯೇ ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಕಳಿಸಿದರು. ಪಿತ್ತ ಕರುಳಿಗೆ ಹೋಗದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತಸ್ರಾವದ ಭಯ ಇರುತ್ತದೆ. ಅದಕ್ಕೇ ಆ ಇಂಜೆಕ್ಷನ್. ಅಲ್ಲಿ ಬಿಲಿಯರಿ ಅಟ್ರೀಸಿಯಾ ಎಂದೇ ಗೊತ್ತಾಯಿತು. 41ನೇ ದಿನ ಆಪರೇಷನ್ ಆಯಿತು.

ಆ ಮಧ್ಯಾಹ್ನದ ಮಾತನ್ನು ಸಂಜೆಗೆ ಸರಿ ಮಾಡಿಕೊಂಡೆ ಅಂದುಕೊಂಡಿದ್ದೆ. ಆಮೇಲೆ ತಂದೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ನಾಲ್ಕನೇ ದಿನದ ನಮ್ಮದೇ ರಿಪೋರ್ಟ್. ಟೋಟಲ್ 17.2, ಡೈರೆಕ್ಟ್ 1.5, ಇಂಡೈರೆಕ್ಟ್ 15.7. ಬೆಂಗಳೂರಿನ ಡಾಕ್ಟ್ರು ಆ 1.5ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಕೆಳಗೆ ನನ್ನ ಸಹಿ.

ಡೈರೆಕ್ಟ್ 1ಕ್ಕಿಂತ ಜಾಸ್ತಿ ಬಂದರೆ ಮತ್ತೊಮ್ಮೆ ನೋಡಲೇಬೇಕು. ನಮ್ಮಂಥ ಲ್ಯಾಬಿನಲ್ಲಿ 1ರ ಆಸುಪಾಸಿನ ಡೈರೆಕ್ಟ್ ಸ್ವಲ್ಪ ಆಚೆ ಈಚೆ ಆಗುವುದು ನಿಜ. ಅದಕ್ಕೆ ಮದ್ದು ಕೆಲವು ದಿನ ಬಿಟ್ಟು ಮತ್ತೆ ಮಾಡುವುದು, ಬಿಟ್ಟುಬಿಡುವುದಲ್ಲ. ಆಗ ಎಲ್ಲರ ಕಣ್ಣೂ 17.2ರ ಮೇಲಿತ್ತು. ಆ ಅಂಕಿಯೂ ಮುಖ್ಯವೇ. ಇಂಡೈರೆಕ್ಟ್ ವಿಪರೀತ ಏರಿದರೆ ಮಿದುಳಿಗೆ ಪೆಟ್ಟು ಬೀಳುತ್ತದೆ, ಲೈಟ್ ಇಡುವುದು ಅದಕ್ಕೇ. ಆದರೆ ಲೈಟ್ ಇಳಿಸುವುದು ಇಂಡೈರೆಕ್ಟನ್ನು. ಡೈರೆಕ್ಟಿಗೆ ಅದು ಚಿಕಿತ್ಸೆಯಲ್ಲ. ಹಾಗಾಗಿ ಇಂಡೈರೆಕ್ಟ್ ಇಳಿದು ಟೋಟಲ್ ಅರ್ಧವಾಯಿತು, ಅದರ ಹಿಂದೆ ಡೈರೆಕ್ಟ್ 1.5ರಿಂದ 4.6ಕ್ಕೆ ಹೋಗಿತ್ತು.

ನಮ್ಮ ಸಾಫ್ಟ್‌ವೇರ್ ಬಗ್ಗೆ ಹೇಳದೆ ಇರಲಾರೆ. ಅದರಲ್ಲಿರುವುದು ದೊಡ್ಡವರ ರೇಂಜ್. ಟೋಟಲ್‌ಗೆ 0.2ರಿಂದ 1.2, ಡೈರೆಕ್ಟಿಗೆ 0.3ರವರೆಗೆ. ನಾಲ್ಕು ದಿನದ ಯಾವ ಮಗುವಿನ ರಕ್ತ ಹಾಕಿದರೂ ಮೂರೂ ಸಾಲಿಗೆ ಜಾಸ್ತಿ ಎನ್ನುವ ದಪ್ಪ ಅಕ್ಷರದ `H` ಬರುತ್ತದೆ. ಎಲ್ಲದಕ್ಕೂ `H` ಬಂದರೆ ಯಾವುದನ್ನು ನೋಡುವುದು? ಅಪ್ಪ ಅಮ್ಮ ಸುಮ್ನೆ ಹೆದರುತ್ತಾರೆ, ನಾವು ಅಭ್ಯಾಸವಾಗಿ ನೋಡುವುದನ್ನೇ ಬಿಡುತ್ತೇವೆ. ವಯಸ್ಸಿಗೆ ತಕ್ಕ ರೇಂಜ್ ಹಾಕಿಸಿ ಎಂದು ಓನರಿಗೆ ಎಷ್ಟು ಸಲ ಹೇಳಿದ್ದೇನೋ. ಕಂಪನಿಯವರು ದುಡ್ಡು ಕೇಳುತ್ತಾರಂತೆ.

ಹಾಗಾಗಿ ರಿಪೋರ್ಟ್ ಕೈಗೆ ಬಂದ ಅಪ್ಪ ಅಮ್ಮಂದಿರಿಗೆ ಹೇಳುತ್ತೇನೆ, ಆ `H` ಬಿಡಿ. ಮೊದಲು ಮಗು ಹುಟ್ಟಿ ಎಷ್ಟು ಗಂಟೆ ಆಯಿತು ಎಂದು ಲೆಕ್ಕ ಹಾಕಿ. ಟೋಟಲ್ ಜಾಸ್ತಿಯೋ ಅಲ್ಲವೋ ಎಂದು ಡಾಕ್ಟ್ರು ಅಳೆಯುವುದು ಆ ಗಂಟೆಯ ಮೇಲೆ. ಒಂದೇ 12, ಮೊದಲ ದಿನ ಬಂದರೆ ಅಪಾಯ, ನಾಲ್ಕನೇ ದಿನ ತುಂಬಾ ಮಕ್ಕಳಿಗೆ ಮಾಮೂಲು. ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ ರಿಪೋರ್ಟಿಗೂ ಕಾಯದೆ ತೋರಿಸಿ. ಆಮೇಲೆ ಕಣ್ಣು ಡೈರೆಕ್ಟ್ ಸಾಲಿಗೆ ಹೋಗಲಿ. ಅಲ್ಲಿ ದಿನದ ಲೆಕ್ಕ ಇಲ್ಲ, ಟೋಟಲ್ ಎಷ್ಟೇ ಇರಲಿ, 1ಕ್ಕಿಂತ ಜಾಸ್ತಿ ಇದ್ದರೆ ಆ ಅಂಕಿಗೆ ಬೆರಳಿಟ್ಟು ಡಾಕ್ಟ್ರನ್ನು ಕೇಳಿ. ಇಂಡೈರೆಕ್ಟನ್ನು ನಾವು ಅಳೆಯುವುದೇ ಇಲ್ಲ, ಟೋಟಲ್‌ನಲ್ಲಿ ಡೈರೆಕ್ಟ್ ಕಳೆದು ಬರೆಯುತ್ತೇವೆ. ಎರಡು ವಾರ ದಾಟಿಯೂ ಹಳದಿ ಇದ್ದರೆ ಬರೀ ಟೋಟಲ್ ಮಾಡಿಸಿ ಬರಬೇಡಿ, ಡೈರೆಕ್ಟ್ ಕೂಡ ಬೇಕು ಎಂದು ಹೇಳಿ ಮಾಡಿಸಿ. ಬಿಸಿಲಿಗೆ ಹಿಡಿದು ಕಾಯುತ್ತಾ ಕೂರಬೇಡಿ.

ನಾನು ಈಗ ಹಸುಗೂಸಿನ ರಕ್ತ ತೆಗೆಯುವಾಗಲೇ ಕಕ್ಕದ ಬಣ್ಣ ಕೇಳಿ ರಿಜಿಸ್ಟರಿನಲ್ಲಿ ಬರೆಯುತ್ತೇನೆ, ಎರಡು ಫೋನ್ ನಂಬರ್ ಇಸ್ಕೊಳ್ಳುತ್ತೇನೆ. ಡೈರೆಕ್ಟ್ 1 ದಾಟಿದರೆ ರಿಪೋರ್ಟ್ ಕೌಂಟರಿಗೆ ಹೋಗುವ ಮೊದಲೇ ಡಾಕ್ಟ್ರಿಗೆ ಫೋನ್ ಮಾಡುತ್ತೇನೆ.

ಆ ಮಗು ಈಗಲೂ ನಮ್ಮಲ್ಲಿಗೇ ರಕ್ತ ಪರೀಕ್ಷೆಗೆ ಬರುತ್ತದೆ. ಆಪರೇಷನ್ ಆದ ಮೇಲೂ ಬಹಳಷ್ಟು ಮಕ್ಕಳಿಗೆ ಮುಂದೆ ಲಿವರ್ ಬದಲಿಸಬೇಕಾಗುತ್ತದೆ. ಅದು ಮನೆಯವರಿಗೂ ಗೊತ್ತು, ನನಗೂ ಗೊತ್ತು. ಹೋದ ಸಲ ಡೈರೆಕ್ಟ್ 0.7 ಇತ್ತು. ತಂದೆ ಕೌಂಟರಿಗೆ ಬಂದು ರಿಪೋರ್ಟ್ ತೆಗೆದುಕೊಂಡರು, ನನ್ನನ್ನು ಏನೂ ಕೇಳಲಿಲ್ಲ. ಮೇಲಿನ ಸಾಲು ಬಿಟ್ಟು ನೇರವಾಗಿ ಎರಡನೇ ಸಾಲು ಓದಿದರು.