ಲಾಭ ಇದೆ, ದುಡ್ಡು ಎಲ್ಲಿ?

"ಸಾರ್, ಆಡಿಟರ್ ಲಾಭ ಬಂದಿದೆ ಅಂತಾರೆ, ಟ್ಯಾಕ್ಸೂ ಕಟ್ಟಿದ್ದೀನಿ. ಆದ್ರೆ ಸಂಬಳದ ದಿನ ಅಕೌಂಟಲ್ಲಿ ದುಡ್ಡೇ ಇರಲ್ಲ. ಎಲ್ಲಿಗೆ ಹೋಯ್ತು?"

ವರ್ಷದಲ್ಲಿ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ತೋರಿಸುವ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ತೆಗೆದು ನೋಡಿ. ಸಣ್ಣ ಕಂಪನಿಗಳು ಅದನ್ನು ಮಾಡಲೇಬೇಕು ಅಂತ ಕಾನೂನಿಲ್ಲ, ಹಾಗಾಗಿ ಎಷ್ಟೋ ಜನರ ಫೈಲಿನಲ್ಲಿ ಅದು ಇರುವುದೇ ಇಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಆಡಿಟರ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ಈ ವರ್ಷದ ಲಾಭ ನಷ್ಟದ ಲೆಕ್ಕ ಇದ್ದರೆ ಹೆಚ್ಚುಕಮ್ಮಿ ಪೂರ್ತಿ ಆಗುತ್ತದೆ.

ಪೀಣ್ಯದಂಥ ಕಡೆ ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಒಂದು ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ಹೋದ ವರ್ಷ 4 ಕೋಟಿ ಇದ್ದ ಮಾರಾಟ ಈ ವರ್ಷ 6 ಕೋಟಿ ಆಗಿದೆ. ಟ್ಯಾಕ್ಸಿಗೆ ಮುಂಚೆ 48 ಲಕ್ಷ ಲಾಭ. ಲೆಕ್ಕ ಸುಲಭವಾಗಲಿ ಅಂತ ಜಿಎಸ್‌ಟಿ ಬಿಟ್ಟಿದ್ದೇನೆ.

ಸ್ಟೇಟ್‌ಮೆಂಟಿನಲ್ಲಿ ಮೂರು ಭಾಗ ಇರುತ್ತದೆ: ದಿನನಿತ್ಯದ ವ್ಯಾಪಾರ, ಯಂತ್ರದಂಥ ಹೂಡಿಕೆ, ಸಾಲ. ಮೊದಲ ಭಾಗ ಶುರುವಾಗುವುದೇ ಈ 48 ಲಕ್ಷದಿಂದ. ಅದಕ್ಕೆ 12 ಲಕ್ಷ ಸವಕಳಿ ವಾಪಸ್ ಸೇರಿಸುತ್ತಾರೆ, ಯಾಕಂದ್ರೆ ಅದು ಪುಸ್ತಕದಲ್ಲಿ ಕಳೆದದ್ದು, ಈ ವರ್ಷ ಕೈಯಿಂದ ಹೋದದ್ದಲ್ಲ. ಬ್ಯಾಂಕ್ ಬಡ್ಡಿ 10 ಲಕ್ಷವನ್ನೂ ಸೇರಿಸುತ್ತಾರೆ, ಅದನ್ನು ಕೆಳಗೆ ಸಾಲದ ಭಾಗದಲ್ಲಿ ತೋರಿಸುವುದರಿಂದ. ಒಟ್ಟು 70 ಲಕ್ಷ. ಇಲ್ಲಿವರೆಗೆ ಎಲ್ಲ ಚೆನ್ನಾಗಿಯೇ ಇದೆ.

ನಿಧಾನವಾಗಿ ಓದಬೇಕಾದದ್ದು ಅದರ ಮುಂದಿನ ಮೂರು ಸಾಲು. ಗ್ರಾಹಕರಿಂದ ಬರಬೇಕಾದ ಬಾಕಿ 66 ಲಕ್ಷದಿಂದ 148 ಲಕ್ಷಕ್ಕೆ ಏರಿದೆ, ಅಂದರೆ 82 ಲಕ್ಷ ಕಳೆಯಬೇಕು. ಸ್ಟಾಕ್ 30 ಲಕ್ಷ ಜಾಸ್ತಿಯಾಗಿದೆ, ಅದನ್ನೂ ಕಳೆಯಬೇಕು. ಕಚ್ಚಾ ಮಾಲು ಕೊಟ್ಟವರಿಗೆ ನಾವು ಕೊಡಬೇಕಾದ ಬಾಕಿ 22 ಲಕ್ಷ ಏರಿದೆ, ಅಷ್ಟು ದುಡ್ಡು ಇನ್ನೂ ನಮ್ಮ ಹತ್ತಿರವೇ ಇದೆ, ಅದನ್ನು ಕೂಡಿಸಬೇಕು. ಮೂರೂ ಸೇರಿ 90 ಲಕ್ಷ ಹೊರಗೆ. 70 ಇದ್ದದ್ದು ಮೈನಸ್ 20 ಆಯಿತು. ಟ್ಯಾಕ್ಸ್ 12 ಲಕ್ಷ ಕಟ್ಟಿದ ಮೇಲೆ ಮೈನಸ್ 32. ಲಾಭ ಮಾಡಿದ ವ್ಯಾಪಾರವೇ ವರ್ಷದಲ್ಲಿ 32 ಲಕ್ಷ ನುಂಗಿದೆ.

ಮಾಲು ಕಳಿಸಿ ಬಿಲ್ ಹಾಕಿದ ದಿನವೇ ಲಾಭ ಲೆಕ್ಕಕ್ಕೆ ಬರುತ್ತದೆ, ದುಡ್ಡು ಬರುವುದು ಆಮೇಲೆ. ಆ 82 ಲಕ್ಷವನ್ನು ಇನ್ನೊಂದು ಸಲ ಬಿಡಿಸಿ ನೋಡೋಣ. ಹೋದ ವರ್ಷ ಗ್ರಾಹಕರು ಸುಮಾರು 60 ದಿನಕ್ಕೆ ಕೊಡುತ್ತಿದ್ದರು, ಈ ವರ್ಷ 90 ದಿನ. 60 ದಿನವೇ ಉಳಿದಿದ್ದರೆ 6 ಕೋಟಿ ಮಾರಾಟಕ್ಕೆ ಬಾಕಿ ಸುಮಾರು 99 ಲಕ್ಷ ಇರುತ್ತಿತ್ತು, ಅಂದರೆ 33 ಲಕ್ಷ ಮಾತ್ರ ಏರುತ್ತಿತ್ತು. ಅದು ವ್ಯಾಪಾರ ಬೆಳೆದದ್ದಕ್ಕೆ. ಉಳಿದ 49 ಲಕ್ಷ ಬರೀ ತಡವಾಗಿದ್ದಕ್ಕೆ! ಇವೆರಡನ್ನು ಬೇರೆ ಮಾಡದೆ ಸುಮ್ನೆ "ಬೆಳೀತಿದೀವಿ, ಅದಕ್ಕೇ ದುಡ್ಡು ಸಾಲ್ತಿಲ್ಲ" ಅನ್ನುವುದನ್ನು ಜಾಸ್ತಿ ಕೇಳಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ.

ದೊಡ್ಡವರಿಗೂ ಇದೇ ಆಗಿದೆ. ಅಮೆರಿಕದ ಡಬ್ಲ್ಯು.ಟಿ. ಗ್ರಾಂಟ್ ಅಂಗಡಿ ಸರಣಿ 1975ರಲ್ಲಿ ದಿವಾಳಿಯಾಯಿತು. ಅದಕ್ಕೆ ಮುಂಚೆ ಲಾಭ ತೋರಿಸುತ್ತಿದ್ದ ವರ್ಷಗಳಲ್ಲೇ ಅದರ ವ್ಯಾಪಾರದಿಂದ ನಗದು ಬರುತ್ತಿರಲಿಲ್ಲ. ಗಿರಾಕಿಗಳಿಗೆ ಕೊಟ್ಟ ಸಾಲ ಮತ್ತು ಗೋಡೌನಿನ ಸರಕು ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದವು.

ನಮ್ಮ ವರ್ಕ್‌ಶಾಪ್‌ಗೆ ವಾಪಸ್ ಬರೋಣ. ಎರಡನೇ ಭಾಗದಲ್ಲಿ ಹೊಸ ಸಿಎನ್‌ಸಿ ಯಂತ್ರಕ್ಕೆ 45 ಲಕ್ಷ ಹೋಗಿದೆ. ಮೂರನೇ ಭಾಗದಲ್ಲಿ ಯಂತ್ರಕ್ಕೆ 35 ಲಕ್ಷ ಸಾಲ ಬಂದಿದೆ, ವ್ಯಾಪಾರ ನಡೆಸಲು ಬ್ಯಾಂಕ್ ಒಂದು ಮಿತಿವರೆಗೆ ಕೊಡುವ ಕ್ಯಾಶ್ ಕ್ರೆಡಿಟ್ ಸಾಲ 40 ಲಕ್ಷ ಏರಿದೆ, ಬಡ್ಡಿ 10 ಲಕ್ಷ ಹೋಗಿದೆ, ಅಂದರೆ ಒಟ್ಟು ಪ್ಲಸ್ 65. ಎಲ್ಲ ಕೂಡಿ ಕಳೆದರೆ ಮೈನಸ್ 12. ವರ್ಷದ ಶುರುವಿಗೆ 14 ಲಕ್ಷ ಇತ್ತು, ಈಗ 2 ಲಕ್ಷ. ವ್ಯಾಪಾರ ನಡೆಸುವುದಕ್ಕೇ ಬ್ಯಾಂಕ್ ಸಾಲ ಬೇಕಾಗಿದೆ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ? ಬ್ಯಾಂಕಿನವರು ಮಿತಿ ಏರಿಸಲ್ಲ ಅಂದ ದಿನ ಸಂಬಳ ನಿಲ್ಲುತ್ತದೆ.

ಒಂದು ವರ್ಷ ಮೈನಸ್ ಬಂದರೆ ಗಾಬರಿ ಬೇಡ, ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಲಾಭ ಏರುತ್ತಾ, ಮೊದಲ ಭಾಗ ಇಳಿಯುತ್ತಾ ಹೋದರೆ ಅದು ಅಪಾಯ. ಮೊದಲ ಭಾಗ ಚೆನ್ನಾಗಿ ಕಂಡರೂ, ಕೊಡಬೇಕಾದ ಬಾಕಿ ಒಮ್ಮೆಲೇ ಏರಿದೆಯಾ ನೋಡಿ. ಮಾರ್ಚ್ ಕೊನೆಯಲ್ಲಿ ಮಾಲು ಕೊಟ್ಟವರ ಚೆಕ್ ತಡೆದಿಟ್ಟರೆ ನಗದು ಉಬ್ಬಿದ ಹಾಗೆ ಕಾಣುತ್ತದೆ, ಏಪ್ರಿಲ್‌ನಲ್ಲಿ ಅದು ಹೊರಟುಹೋಗುತ್ತದೆ.

ಮುಂದಿನ ಆರ್ಡರ್ ಒಪ್ಪುವ ಮುಂಚೆ ಇದೇ ಲೆಕ್ಕ ಹಾಕಿ. 90 ದಿನದ ಬಾಕಿಯಲ್ಲಿ ವರ್ಷಕ್ಕೆ 2 ಕೋಟಿಯ ಕೆಲಸ ಹಿಡಿದರೆ, ಬಿಲ್ಲುಗಳಲ್ಲಿ ಸುಮಾರು 49 ಲಕ್ಷ ಸಿಕ್ಕಿಕೊಂಡಿರುತ್ತದೆ, ಸ್ಟಾಕ್ ಬೇರೆ. ಅಕೌಂಟಿನಲ್ಲಿ 2 ಲಕ್ಷ ಇಟ್ಟುಕೊಂಡು ಅದನ್ನು ಒಪ್ಪಬೇಡಿ. ಮೊದಲು ಗ್ರಾಹಕರ ಹತ್ತಿರ 45 ದಿನಕ್ಕೆ ಮಾತಾಡಿ, ಇಲ್ಲವೇ ಅಡ್ವಾನ್ಸ್ ಕೇಳಿ.