ದಿನವೂ ಎಲ್ಲ ಪುಸ್ತಕ ಬೇಡ ಎಂದು ಬರೆದದ್ದು

ಜೂನ್ ಎರಡನೇ ವಾರ ಮಗಳ ಡೈರಿಯಲ್ಲಿ ಹೊಸ ನಿಯಮ ಅಂಟಿಸಿ ಕಳಿಸಿದ್ದರು: "ಇನ್ನು ಮುಂದೆ ಎಲ್ಲ ವಿಷಯಗಳ ಪಠ್ಯಪುಸ್ತಕ, ನೋಟ್‌ಬುಕ್‌ಗಳನ್ನು ಪ್ರತಿದಿನವೂ ತರತಕ್ಕದ್ದು." ಅವಳಿಗೆ ನಾಲ್ಕನೇ ತರಗತಿ, ಕ್ಲಾಸು ಇರುವುದು ಎರಡನೇ ಮಹಡಿಯಲ್ಲಿ. ಸಂಜೆ ಪೋಷಕರ ಗುಂಪಿನಲ್ಲಿ ಸಿಟ್ಟಿನ ಮಾತು ಶುರುವಾಯಿತು. "ಫೀಸ್ ತಗೊಳ್ಳೋವಾಗ ಕೇಳ್ತಾರಾ ನಮ್ಮನ್ನ?", "ಮಕ್ಕಳೇನು ಹಮಾಲರಾ?" ಸಿಟ್ಟು ನನಗೂ ಇತ್ತು. ಆದರೆ ಅದೇ ಗುಂಪಿನಲ್ಲಿ ಕ್ಲಾಸ್ ಟೀಚರೂ ಇದ್ದರು. ನಿಯಮ ಮಾಡಿದ್ದು ಅವರಲ್ಲ, ಬೈಗುಳ ಓದಬೇಕಾದವರು ಮಾತ್ರ ಅವರು.

ಅವರಿಗೇ ಫೋನ್ ಮಾಡಿ ಯಾಕೆ ಹೀಗಾಯಿತು ಅಂತ ಕೇಳಿದೆ. "ಯಾರಾದ್ರೂ ಟೀಚರ್ ರಜೆ ಹಾಕಿದ್ರೆ ಬೇರೆಯವರು ಆ ಪೀರಿಯಡ್‌ಗೆ ಹೋಗ್ತಾರೆ ಮೇಡಂ. ಅವರ ವಿಷಯದ ಪುಸ್ತಕ ಅವತ್ತು ಅರ್ಧ ಮಕ್ಕಳ ಹತ್ರ ಇರಲ್ಲ, ಪೀರಿಯಡ್ ಹಾಳಾಗುತ್ತೆ" ಅಂದರು. ಕಾರಣ ನ್ಯಾಯವಾದದ್ದೇ. ಅದಕ್ಕೆ ಬೇರೆ ದಾರಿ ತೋರಿಸದೆ ನಿಯಮ ತೆಗೆಯಿರಿ ಅಂದರೆ ಯಾರೂ ಕೇಳುವುದಿಲ್ಲ.

ಪಕ್ಕದ ಮನೆಯವರ ಹತ್ತಿರ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಇತ್ತು. ಬ್ಯಾಗ್ ನೇತುಹಾಕಿದರೆ 5.8 ಕೆಜಿ. ಒಂದೊಂದೇ ಹೊರಗೆ ತೆಗೆದು ತೂಗಿದೆ. ಖಾಲಿ ಬ್ಯಾಗ್ 600 ಗ್ರಾಂ, ನೀರು ತುಂಬಿದ ಬಾಟಲಿ 900, ಊಟದ ಡಬ್ಬಿ 600, ಕಂಪಾಸು ಪೆನ್ಸಿಲು 200. ಇನ್ನೂರು ಪುಟದ ಆರು ನೋಟ್‌ಬುಕ್ ಒಂದೂವರೆ ಕೆಜಿ. ಪಠ್ಯಪುಸ್ತಕಗಳೇ 2 ಕೆಜಿ. ಅಷ್ಟು ಯಾಕೆ ಎಂದು ನೋಡಿದರೆ, ಸರ್ಕಾರದ ನಾಲ್ಕು ಪಠ್ಯಗಳೂ ಭಾಗ 1, ಭಾಗ 2 ಎಂದು ಬಂದಿವೆ. ಹೊರೆ ಇಳಿಸಲೆಂದೇ ಎರಡಾಗಿ ಮಾಡಿದ ಪುಸ್ತಕಗಳು. ನಿಯಮದಲ್ಲಿ "ಎಲ್ಲ" ಎಂದಿದ್ದರಿಂದ, ದಸರಾ ಕಳೆದ ಮೇಲೆ ತೆರೆಯಬೇಕಾದ ಭಾಗ 2ನ್ನೂ ಮಗಳು ಜೂನ್‌ನಲ್ಲೇ ಹೊರುತ್ತಿದ್ದಳು. ಅವೇ 800 ಗ್ರಾಂ.

ಆಮೇಲೆ ಪೋಷಕರ ಗುಂಪಿನಲ್ಲಿ ಬರೆದದ್ದು ಇಷ್ಟು:

"ಎಲ್ಲರಿಗೂ ನಮಸ್ಕಾರ. ಬದಲಿ ಪೀರಿಯಡ್‌ಗಳು ಹಾಳಾಗಬಾರದು ಎಂಬ ಶಾಲೆಯ ಕಾಳಜಿ ನಮಗೂ ಇದೆ. ಆದರೆ ಈ ನಿಯಮದಂತೆ ನನ್ನ ಮಗಳ ಬ್ಯಾಗ್, ಊಟ ಮತ್ತು ನೀರು ಬಿಟ್ಟು, 4.3 ಕೆಜಿ ತೂಗುತ್ತಿದೆ. ರಾಜ್ಯ ಸರ್ಕಾರದ 2019ರ ಸುತ್ತೋಲೆಯಲ್ಲಿ 3ರಿಂದ 5ನೇ ತರಗತಿಗೆ 2ರಿಂದ 3 ಕೆಜಿ ಎಂದಿದೆ. ಮಗುವಿನ ತೂಕದ ಹತ್ತನೇ ಒಂದು ಭಾಗ ದಾಟಬಾರದು ಎಂಬ ಸಲಹೆಯೂ ಇದೆ. ಮಗಳ ತೂಕ 25 ಕೆಜಿ. ಭಾಗ 2ರ ಪುಸ್ತಕಗಳನ್ನು ಸದ್ಯ ಮನೆಯಲ್ಲೇ ಇಡಲು ಒಪ್ಪಿದರೆ ಬ್ಯಾಗ್ 3.5 ಕೆಜಿಗೆ ಇಳಿಯುತ್ತದೆ. ನೋಟ್‌ಬುಕ್ ನೂರು ಪುಟದ್ದಾದರೆ 3ರ ಒಳಗೆ ಬರುತ್ತದೆ. ಬದಲಿ ಪೀರಿಯಡ್‌ಗಾಗಿ, ಐದನೇ ತರಗತಿಗೆ ಹೋದ ಮಕ್ಕಳ ಹಳೆಯ ಪುಸ್ತಕಗಳನ್ನು ಕೇಳಿ ಪಡೆದು, ಬೆಂಚಿಗೊಂದು ಸೆಟ್‌ನಂತೆ ಕ್ಲಾಸಿನ ಬೀರುವಿನಲ್ಲಿ ಇಡಬಹುದು. ಸಂಗ್ರಹಿಸಿ, ಬೈಂಡ್ ಹಾಕಿಸಿ ಕೊಡುವ ಕೆಲಸ ನಾನು ಮಾಡುತ್ತೇನೆ. ದಯವಿಟ್ಟು ಪರಿಶೀಲಿಸಿ."

ಕಳಿಸುವ ಮೊದಲು ಒಂದು ವಾಕ್ಯ ಅಳಿಸಿದೆ. "ಸುತ್ತೋಲೆ ಉಲ್ಲಂಘಿಸಿದರೆ ಬಿಇಒ ಅವರಿಗೆ ದೂರು ಕೊಡಬೇಕಾಗುತ್ತದೆ" ಎಂದು ಬರೆದಿದ್ದೆ. ದೂರು ಕೊಡುವ ಹಕ್ಕು ಪೋಷಕರಿಗೆ ಖಂಡಿತ ಇದೆ. ಆದರೆ ಮೊದಲ ಮಾತಿನಲ್ಲೇ ಅದು ಬಂದರೆ ಶಾಲೆಯವರು ಬ್ಯಾಗ್ ಬಿಟ್ಟು ತಮ್ಮ ಮರ್ಯಾದೆ ಕಾಯಲು ನಿಲ್ಲುತ್ತಾರೆ. ಸುತ್ತೋಲೆಯ ಹೆಸರು ಮಾತ್ರ ಉಳಿಸಿಕೊಂಡೆ. ಅದಿಲ್ಲದಿದ್ದರೆ ಇದು ಒಬ್ಬ ತಾಯಿಯ ಗೊಣಗಾಟವಾಗಿ ಉಳಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಬ್ಬ ತಂದೆ ತಮ್ಮ ಮಗನ ಬ್ಯಾಗಿನ ತೂಕ ಹಾಕಿದರು, ಆಮೇಲೆ ಇನ್ನಿಬ್ಬರು. ಬೈಗುಳ ನಿಂತು ಅಂಕಿ ಬರತೊಡಗಿದವು. ಎಲ್ಲರೂ ಒಪ್ಪಲಿಲ್ಲ. "ನೂರು ಪುಟದ್ದು ಬೇಗ ಮುಗಿಯುತ್ತೆ, ಎರಡು ತಗೊಂಡ್ರೆ ದುಡ್ಡು ಜಾಸ್ತಿ" ಎಂದು ಒಬ್ಬ ತಾಯಿ ಬರೆದರು. ಅವರ ಮನೆಯಲ್ಲಿ ಮೂವರು ಮಕ್ಕಳು ಓದುತ್ತಾರೆ. ಅದು ತಳ್ಳಿಹಾಕುವ ಮಾತಲ್ಲ.

ಮರುದಿನ ಹೆಡ್ ಮಿಸ್ ಕರೆಸಿದರು. ಭಾಗ 2 ತರುವುದು ಬೇಡ ಎಂದು ಆಗಲೇ ಒಪ್ಪಿದರು. ತಮ್ಮ ಗಮನಕ್ಕೆ ಅದು ಬಂದೇ ಇರಲಿಲ್ಲ ಅಂದರು. ಬೀರುವಿನ ಸೆಟ್ ಒಂದು ಸೆಕ್ಷನ್‌ನಲ್ಲಿ ಮಾಡಿ ನೋಡೋಣ, ಪುಸ್ತಕ ಕಳೆದುಹೋದರೆ ಯಾರು ಹೊಣೆ ಅನ್ನೋದನ್ನ ನೀವೇ ಹೇಳಿ ಎಂದರು. ಪ್ರತಿ ಬೆಂಚಿನ ಸೆಟ್‌ಗೆ ಒಂದು ನಂಬರ್ ಬರೆದು, ವಾರಕ್ಕೊಬ್ಬ ಮಗು ಎಣಿಸಿ ಇಡುವುದು ಎಂದು ಅಲ್ಲೇ ಮಾತಾಯಿತು. ನೋಟ್‌ಬುಕ್ ಈಗಾಗಲೇ ಎಲ್ಲರೂ ಕೊಂಡಾಗಿದೆ, ಅದು ಮುಂದಿನ ವರ್ಷಕ್ಕೆ ಎಂದರು.

ಹಾಗಾಗಿ ಬ್ಯಾಗ್ ಈಗ ಮೂರೂವರೆ ಕೆಜಿ. ಮಿತಿಗಿಂತ ಅರ್ಧ ಕೆಜಿ ಹೆಚ್ಚೇ ಇದೆ. ಬೀರು ಸೆಟ್ ಸರಿಯಾಗಿ ನಡೆದರೆ ಆ ದಿನದ ವೇಳಾಪಟ್ಟಿಯಲ್ಲಿಲ್ಲದ ಪುಸ್ತಕಗಳನ್ನೂ ಮನೆಯಲ್ಲೇ ಬಿಡಬಹುದೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳುವವಳಿದ್ದೇನೆ.