ಜೋಲಿಯಿಂದ ಪಾಪು ಎತ್ತೋವಾಗ ಬರ್ತಿದ್ದ ಆ ಮಣಿಕಟ್ಟು ನೋವು

ಪಾಪುಗೆ ಎರಡು ತಿಂಗಳು ತುಂಬ್ತಾ ಇದ್ದಂಗೆ ನನ್ನ ಎಡಗೈ ಮಣಿಕಟ್ಟಲ್ಲಿ ನೋವು ಶುರುವಾಯ್ತು. ಮಣಿಕಟ್ಟು ಅಂದ್ರೆ ಪೂರ್ತಿ ಅಲ್ಲ, ಹೆಬ್ಬೆರಳಿನ ಕಡೆ ಒಂದು ಮೂಳೆ ಉಬ್ಬಿಕೊಂಡಿರತ್ತಲ್ಲ, ಸರಿಯಾಗಿ ಅಲ್ಲೇ. ಮೊದಮೊದಲು ಬೆಳಗ್ಗೆ ಎದ್ದಾಗ ಮಾತ್ರ ಬಿಗಿ ಬಿಗಿ ಅನ್ಸೋದು, ಆಮೇಲೆ ಹಾಲಿನ ಪಾತ್ರೆ ಎತ್ತಿದ್ರೆ ಚುಳ್ ಅನ್ನೋದು, ಕೊನೆಗೆ ಬಟ್ಟೆ ಹಿಂಡೋಕೂ ಆಗ್ತಿರ್ಲಿಲ್ಲ, ಪಾಪುನ ಎತ್ಕೋಬೇಕು ಅಂದ್ರೆ ಮೊದಲೇ ಹಲ್ಲು ಕಚ್ಚಿ ರೆಡಿ ಆಗ್ಬೇಕಿತ್ತು. ನೋವು ಅಲ್ಲಿಂದ ಹೊರಟು ಒಂದು ಕಡೆ ಹೆಬ್ಬೆರಳಿಗೆ, ಇನ್ನೊಂದು ಕಡೆ ಮುಂಗೈವರೆಗೂ ಎಳೆಯೋದು.

ಬಾಣಂತನಕ್ಕೆ ತವರಲ್ಲಿದ್ದೆ, ಹಾಸನದ ಹತ್ರ. ನಮ್ಮಮ್ಮಂಗೆ ಕಾರಣ ಆಗ್ಲೇ ಗೊತ್ತಾಗಿ ಹೋಗಿತ್ತು. "ತಣ್ಣೀರಲ್ಲಿ ಕೈ ಹಾಕಬೇಡ ಅಂತ ಬಡ್ಕೊಂಡೆ ಕಣೇ, ಶೀತ ಹಿಡ್ಕೊಂಡಿದೆ, ಬಾಣಂತಿ ಮೈ ಹಸಿ ಮೈ" ಅಂತ. ಪಕ್ಕದ್ಮನೆ ಅಜ್ಜಿ ಪ್ರಕಾರ ಅದು ವಾಯು. ನಮ್ಮನೆಯವರು ಫೋನಲ್ಲೇ ಕ್ಯಾಲ್ಶಿಯಂ ಕಮ್ಮಿ ಆಗಿರತ್ತೆ ಅಂದ್ರು, ಕ್ಯಾಲ್ಶಿಯಂ ಮಾತ್ರೆನ ಡೆಲಿವರಿ ಆದಾಗಿಂದ ತಪ್ಪದೆ ನುಂಗ್ತಾನೇ ಇದ್ದೆ. ಅಮ್ಮ ರಾತ್ರಿ ಬಿಸಿ ಎಣ್ಣೆ ಹಾಕಿ ಆ ಉಬ್ಬಿದ ಜಾಗನೇ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತಿಕ್ಕೋರು, ಪಾಪ ಪ್ರೀತಿಯಿಂದ್ಲೇ, ಆದ್ರೆ ಬೆಳಗ್ಗೆಗೆ ಅದು ಇನ್ನಷ್ಟು ಊದ್ಕೊಂಡಿರೋದು.

ನನಗೆ ಶೀತದ ಮಾತು ಒಪ್ಪಿಗೆ ಆಗದೆ ಇರೋದಕ್ಕೆ ಒಂದೇ ಕಾರಣ ಇತ್ತು. ನಾನು ಬಲಗೈಯವಳು. ನೀರು, ಪಾತ್ರೆ, ಬಟ್ಟೆ ಎಲ್ಲಾ ಬಲಗೈಲೇ. ಶೀತ ಹಿಡಿಯೋದಾದ್ರೆ ಬಲಗೈಗೆ ಹಿಡೀಬೇಕಲ್ವಾ, ಆರಾಮಾಗಿದ್ದ ಎಡಗೈಗೆ ಯಾಕೆ? ವಾಯು ಆದ್ರೆ ಮಂಡಿ ಭುಜ ಎಲ್ಲಾ ಕಡೆ ಓಡಾಡ್ಬೇಕು, ಇದು ಬೆರಳಿಟ್ಟು ತೋರಿಸೋ ಹಾಗೆ ಒಂದೇ ಜಾಗ. ಅಷ್ಟೊಂದು ಕರಾರುವಾಕ್ಕಾಗಿ ಒಂದೇ ಕಡೆ ನೋಯ್ತಿದೆ ಅಂದ್ರೆ ಅಲ್ಲೇ ಏನೋ ಕೆಟ್ಟಿದೆ ಅಂತ ಅಂದ್ಕೊಂಡೆ.

ಪಾಪು ಇಂಜೆಕ್ಷನ್‌ಗೆ ಅಂತ ಪೇಟೆಗೆ ಹೋದಾಗ ಅಲ್ಲೇ ಒಬ್ರು ಮೂಳೆ ಡಾಕ್ಟ್ರಿಗೆ ತೋರಿಸ್ದೆ. ಎಕ್ಸ್‌ರೇ ಬರೀತಾರೆ ಅಂತ ಕಾದಿದ್ರೆ ಅವ್ರು ಮೇಜಿನ ಮೇಲಿದ್ದ ದಿಂಬು ಕೊಟ್ಟು "ಇದೇ ಮಗು ಅಂದ್ಕೊಳಮ್ಮಾ, ಹೇಗೆ ಎತ್ತುತ್ತೀಯಾ ತೋರಿಸು" ಅಂದ್ರು. ನಾನು ಎರಡೂ ಹೆಬ್ಬೆರಳು ಅಗಲಿಸಿ, ದಿಂಬಿನ ಕಂಕುಳಿಗೆ ಕೈ ಕೊಟ್ಟ ಹಾಗೆ ಎತ್ತಿದೆ. "ಎಲ್ಲಿಂದ ಎತ್ತೋದು, ಮಂಚದಿಂದಾನಾ?" ಇಲ್ಲ, ಜೋಲಿಯಿಂದ. ಸೀರೆ ಜೋಲಿ ನೋಡಿದೋರಿಗೆ ಗೊತ್ತು, ಮಗು ಆಳದಲ್ಲಿರತ್ತೆ, ಎರಡೂ ಕಡೆ ಬಟ್ಟೆ ಅಡ್ಡ, ಕೈ ಮೇಲಿಂದ ಕೆಳಗೆ ಇಳಿಸ್ಬೇಕು, ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಿರತ್ತೆ, ಹೆಬ್ಬೆರಳು ಚಾಚಿರತ್ತೆ, ಅದೇ ಭಂಗಿಯಲ್ಲಿ ಪೂರ್ತಿ ಭಾರ ಮೇಲೆ ಬರ್ಬೇಕು. ಎಡಗೈ ಯಾಕೆ ಅನ್ನೋದೂ ಅಲ್ಲೇ ಗೊತ್ತಾಯ್ತು. ಹಾಲು ಕುಡಿಸೋವಾಗ ನಾನು ಪಾಪು ತಲೆನ ಎಡ ಅಂಗೈಲಿ ಹಿಡ್ಕೊತಿದ್ದೆ, ಹೆಬ್ಬೆರಳು ಕಿವಿ ಹತ್ರ ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಬಲಗೈ ಫ್ರೀ ಇರ್ಲಿ ಅಂತ. ಅರ್ಧ ಗಂಟೆ ಹಾಗೇ ಕೂತಿರ್ತಿದ್ದೆ.

ಆಮೇಲೆ ನನ್ನ ಹೆಬ್ಬೆರಳು ಮಡಚಿಸಿ, ಮುಷ್ಟಿಯೊಳಗೆ ಸೇರಿಸ್ಕೊಳ್ಳೋಕೆ ಹೇಳಿ, ಮಣಿಕಟ್ಟನ್ನ ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿದ್ರು. ಕಣ್ಣಲ್ಲಿ ನೀರು ಬಂತು. ಬಲಗೈಗೂ ಅದನ್ನೇ ಮಾಡಿದ್ರು, ಅಲ್ಲೂ ಸ್ವಲ್ಪ ಎಳೆತ ಇತ್ತು, ಆದ್ರೆ ಅದು ಬರೀ ಎಳೆತ. ಈ ಪರೀಕ್ಷೆ ಮನೇಲೇ ಮಾಡ್ಕೊಳ್ಳೋರು ಇದನ್ನ ಗಮನಿಸ್ಬೇಕು, ಜೋರಾಗಿ ಬಾಗಿಸಿದ್ರೆ ಸರಿ ಇರೋ ಕೈಗೂ ಸ್ವಲ್ಪ ನೋಯತ್ತೆ, ಅದಕ್ಕೇ ಎರಡೂ ಕೈ ಹೋಲಿಸಿ ನೋಡ್ಬೇಕು, ಮತ್ತೆ ನೋವು ಬರೋದು ಆ ಮೂಳೆ ಉಬ್ಬಿನ ಮೇಲೇನೇನಾ ಅಂತಾನೂ ನೋಡ್ಬೇಕು. "ರಾತ್ರಿ ಬೆರಳು ಜೋಮು ಹಿಡಿಯತ್ತಾ?" ಅಂತಾನೂ ಕೇಳಿದ್ರು. ಇಲ್ಲ ಅಂದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ರಾತ್ರಿ ಎಚ್ಚರ ಆಗೋದಾದ್ರೆ ಅದು ಕಾರ್ಪಲ್ ಟನಲ್ ಅನ್ನೋ ಬೇರೆ ತೊಂದರೆ, ಅಲ್ಲಿ ನರ ಒತ್ತಿಕೊಂಡಿರತ್ತೆ, ಬಸುರಿ ಬಾಣಂತಿಯರಿಗೆ ಅದೂ ಬರತ್ತಂತೆ. ನಾನು ಬಿದ್ದು ಗಿದ್ದು ಮಾಡಿರ್ಲಿಲ್ಲ, ಹಾಗಾಗಿ ಎಕ್ಸ್‌ರೇನೂ ಬೇಡ ಅಂದ್ರು, ಇದು ಮೂಳೆ ಸಮಸ್ಯೆ ಅಲ್ವಲ್ಲ, ತೆಗೆದ್ರೂ ಸಾಮಾನ್ಯವಾಗಿ ನಾರ್ಮಲ್ ಅಂತಾನೇ ಬರತ್ತೆ.

ಹೆಸರು ಡಿ ಕ್ವರ್ವೇನ್. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕ್ವರ್ವೇನ್ ಅನ್ನೋ ಸರ್ಜನ್ 1895ರಲ್ಲಿ ಇದರ ಬಗ್ಗೆ ಬರೆದಿದ್ರಂತೆ, ಅವರ ಹೆಸರೇ ಉಳ್ಕೊಂಡಿದೆ. ಒಳಗೆ ಆಗೋದು ಇಷ್ಟು. ಹೆಬ್ಬೆರಳನ್ನ ಅಗಲಿಸೋಕೆ, ಹಿಂದಕ್ಕೆ ಎತ್ತೋಕೆ ಎರಡು ಟೆಂಡನ್‌ಗಳಿವೆ, ಮುಂಗೈಯಿಂದ ಬರೋ ಹುರಿಗಳು. ಎರಡೂ ಆ ಮೂಳೆ ಉಬ್ಬಿನ ಮೇಲೆ ಒಂದು ಕಿರಿದಾದ ಕೊಳವೆಯೊಳಗಿಂದ ಹಾದು ಹೋಗತ್ವೆ. ಲಂಗದ ನೇಫೆಯೊಳಗೆ ಲಾಡಿ ಓಡಾಡೋದು ನೆನೆಸ್ಕೊಳ್ಳಿ, ನೇಫೆ ದಪ್ಪ ಆಗಿ ಒಳಗೆ ಬಿಗಿಯಾದ್ರೆ ಲಾಡಿ ಸಿಕ್ಕಿ ಸಿಕ್ಕಿ ಓಡತ್ತೆ. ಹೆಬ್ಬೆರಳು ಚಾಚಿ, ಮಣಿಕಟ್ಟು ಬಾಗಿಸಿ, ಭಾರ ಎತ್ತಿದಾಗೆಲ್ಲಾ ಆ ಹುರಿಗಳು ಕೊಳವೆ ಅಂಚಿಗೆ ಉಜ್ಜತ್ವೆ, ದಿನಕ್ಕೆ ಎಷ್ಟೋ ಸಲ ಉಜ್ಜಿ ಉಜ್ಜಿ ಕೊಳವೆ ದಪ್ಪ ಆಗತ್ತೆ, ದಪ್ಪ ಆದಷ್ಟೂ ಇನ್ನೂ ಉಜ್ಜತ್ತೆ. ಹೆರಿಗೆ ಆದ ಮೇಲೆ ಮೈಲಿ ನೀರು ತುಂಬ್ಕೊಳ್ಳೋದು, ಹಾರ್ಮೋನ್ ಏರುಪೇರು ಇವೂ ಸೇರ್ಕೊಳ್ಳತ್ತೆ ಅಂತ ಡಾಕ್ಟ್ರು ಹೇಳಿದ್ರು. ಪಾಪು ಹುಟ್ಟಿದಾಗ ಮೂರು ಕೆಜಿ, ಆಗ್ಲೇ ಐದರ ಹತ್ರ ಬಂದಿತ್ತು, ಎತ್ತೋ ಕೈಗೆ ಮಾತ್ರ ವಿಶ್ರಾಂತಿ ಅನ್ನೋದೇ ಇರ್ಲಿಲ್ಲ.

ಬ್ಯಾಂಡ್ ಹಾಕ್ಕೋ ಅಂದ್ರು. ನಮ್ಮಣ್ಣ ಮೆಡಿಕಲ್ ಶಾಪಿಂದ ಒಂದು ಮಣಿಕಟ್ಟಿನ ಬ್ಯಾಂಡ್ ತಂದ, ಹೆಬ್ಬೆರಳು ಹೊರಗೇ ಬಿಟ್ಟು ಮಣಿಕಟ್ಟು ಮಾತ್ರ ಸುತ್ತೋದು. ಅದರಿಂದ ಏನೂ ಪ್ರಯೋಜನ ಇಲ್ಲ, ಯಾಕಂದ್ರೆ ಕೆಲಸ ಮಾಡ್ತಿರೋದು ಹೆಬ್ಬೆರಳಿನ ಹುರಿ. ಬೇಕಾಗಿದ್ದು ತಂಬ್ ಸ್ಪೈಕಾ ಅಂತ ಸಿಗತ್ತಲ್ಲ ಅದು, ಒಳಗೆ ಗಟ್ಟಿ ಪಟ್ಟಿ ಇರತ್ತೆ, ಮಣಿಕಟ್ಟು ಮತ್ತೆ ಹೆಬ್ಬೆರಳಿನ ಬುಡ ಎರಡನ್ನೂ ಅಲ್ಲಾಡದಂಗೆ ಹಿಡ್ಕೊಳ್ಳತ್ತೆ, ಹೆಬ್ಬೆರಳಿನ ತುದಿ ಗೆಣ್ಣು ಮಾತ್ರ ಮಡಚ್ಬೋದು. ಎಡಗೈಗೆ ಬೇರೆ ಬಲಗೈಗೆ ಬೇರೆ ಬರತ್ತೆ, ಕೇಳಿ ತಗೋಬೇಕು. ಪಾಪು ಸ್ನಾನದ ಹೊತ್ತು ಬಿಟ್ಟು ರಾತ್ರಿ ಹಗಲು ಹಾಕ್ಕೊಂಡಿದ್ದೆ, ವೆಲ್ಕ್ರೋ ಪಾಪು ಕೆನ್ನೆಗೆ ಚುಚ್ಚತ್ತೆ ಅಂತ ಮೇಲೆ ಒಂದು ಹಳೇ ಕಾಲುಚೀಲ ಕತ್ತರಿಸಿ ತೊಡ್ಸಿದ್ದೆ. ಹಾಲು ಕುಡಿಸ್ತಿರೋದು ಹೇಳಿದ್ದಕ್ಕೆ ಅದಕ್ಕೆ ಹೊಂದೋ ನೋವಿನ ಮಾತ್ರೆನೇ ಕೆಲವು ದಿನಕ್ಕೆ ಬರೆದುಕೊಟ್ರು. ಹಚ್ಚೋ ಜೆಲ್ ಕೂಡ ಇತ್ತು, ಆದ್ರೆ ಆ ಕೈ ಪಾಪು ಬಾಯಿ ಹತ್ರಾನೇ ಇರತ್ತಲ್ಲ, ಅದು ನನಗೆ ಸರಿ ಬರ್ಲಿಲ್ಲ, ಬಿಟ್ಟೆ.

ಬ್ಯಾಂಡ್‌ಗಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಎತ್ತೋ ರೀತಿ ಬದಲಾಯಿಸಿದ್ದು ಅಂತ ನನ್ನ ಲೆಕ್ಕ. ಕಂಕುಳಿಗೆ ಕೈ ಕೊಡೋದು ಪೂರ್ತಿ ನಿಲ್ಲಿಸ್ದೆ. ಒಂದು ಕೈ ಕುಂಡಿ ಕೆಳಗೆ, ಇನ್ನೊಂದು ಕೈ ಕತ್ತು ಬೆನ್ನಿನ ಕೆಳಗೆ, ಎರಡೂ ಅಂಗೈ ಮೇಲ್ಮುಖ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಅಂಟ್ಕೊಂಡಿರ್ಬೇಕು, ಮಣಿಕಟ್ಟು ನೇರ. ಮೊದ್ಲು ಪಾಪುನ ಮೈಗೆ ಒತ್ತಿ ತಂದ್ಕೊಂಡು ಆಮೇಲೆ ಏಳೋದು, ಆಗ ಭಾರ ಮೊಣಕೈ ಮೇಲೆ ಹೋಗತ್ತೆ. ಜೋಲಿಲಿ ಇದು ಆಗೋದೇ ಇಲ್ಲ, ಬಟ್ಟೆ ಬಿಡಲ್ಲ. ಅದಕ್ಕೆ ಹಗಲು ಹೊತ್ತು ಚಾಪೆ ಮೇಲೆ ಮಲಗಿಸೋದು, ಜೋಲಿಯಿಂದ ಎತ್ತೋ ಕೆಲಸ ಅಮ್ಮಂದು ಅಂತ ಮಾಡ್ಕೊಂಡ್ವಿ. ಹಾಲು ಕುಡಿಸೋವಾಗ ತೊಡೆ ಮೇಲೆ ಎರಡು ದಿಂಬು, ಪಾಪು ತಲೆ ಮೊಣಕೈ ಒಳಮಡಿಲಲ್ಲಿ, ಅಂಗೈ ಖಾಲಿ. ಅದೇ ಖಾಲಿ ಕೈಲಿ ಮೊಬೈಲ್ ಹಿಡ್ಕೊಂಡು ಹೆಬ್ಬೆರಳಲ್ಲಿ ಸ್ಕ್ರೋಲ್ ಮಾಡ್ತಾ ಕೂತ್ರೆ ಮತ್ತೆ ಅದೇ ಹುರಿಗೇ ಕೆಲಸ, ಅಮ್ಮ ಫೋನ್ ಕಿತ್ಕೊಂಡು ಅಟ್ಟದ ಮೇಲೆ ಇಟ್ಟಿದ್ದೂ ಉಂಟು.

ಎಣ್ಣೆ ಸ್ನಾನನೇ ಎಲ್ಲದಕ್ಕಿಂತ ಕಷ್ಟ. ಕಾಲು ಚಾಚಿ ಕೂತು, ಕಾಲ ಮೇಲೆ ಮಗು ಮಲಗಿಸಿ ನೀರು ಹಾಕಿ ಆದ್ಮೇಲೆ ಎತ್ತಿ ಕೊಡ್ಬೇಕಲ್ಲ, ಮೈಯೆಲ್ಲಾ ಜಾರ್ತಿರತ್ತೆ, ಜಾರತ್ತೆ ಅನ್ನೋ ಭಯಕ್ಕೆ ಹೆಬ್ಬೆರಳು ತಾನಾಗೇ ಬಿಗಿ ಹಿಡಿಯತ್ತೆ. ಟವೆಲ್‌ನ ಕಾಲ ಮೇಲೇ ಮಗು ಸುತ್ತಾ ಹೊದ್ದಿಸಿ, ಟವೆಲ್ ಸಮೇತ ಇನ್ನೊಬ್ರು ಎತ್ಕೊಳ್ಳೋದು ಅಂತ ಮಾಡಿದ್ಮೇಲೆ ಸರಿ ಹೋಯ್ತು.

ಇಷ್ಟೆಲ್ಲಾ ಮಾಡಿ ಒಂದು ತಿಂಗಳಿಗೆ ನೋವು ಅರ್ಧ ಇಳೀತು, ಆದ್ರೆ ಅಲ್ಲಿಗೇ ನಿಂತ್ಬಿಡ್ತು. ಮತ್ತೆ ಹೋದಾಗ ಡಾಕ್ಟ್ರು ಸ್ಟೆರಾಯ್ಡ್ ಇಂಜೆಕ್ಷನ್ ಹಾಕೋಣ ಅಂದ್ರು. ಸ್ಟೆರಾಯ್ಡ್ ಅಂತ ಕೇಳಿ ಅಮ್ಮ ಕುರ್ಚಿಯಿಂದ ಎದ್ದೇ ಬಿಟ್ರು. "ಡಾಕ್ಟ್ರೇ, ಕೂಸು ಹಾಲು ಕುಡೀತದೆ" ಅಂದ್ರು. "ಆ ಕೊಳವೆಯೊಳಗೆ ಒಂದು ಚೂರು ಔಷಧಿ ಹೋಗೋದು ಅಷ್ಟೇ ತಾಯಿ, ಹಾಲು ನಿಲ್ಲಿಸ್ಬೇಕಾಗಿಲ್ಲ" ಅಂತ ಅವ್ರಿಗೆ ಸಮಾಧಾನವಾಗಿ ಹೇಳಿದ್ರು. ನನ್ನ ಹತ್ರ ಶುಗರ್ ಇದೆಯಾ ಅಂತ ಕೇಳಿದ್ರು, ಇದ್ದೋರಿಗೆ ಕೆಲವು ದಿನ ಶುಗರ್ ಏರತ್ತಂತೆ. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳಬೋದು, ಸ್ವಲ್ಪ ಗುಳಿ ಬೀಳಬೋದು, ನಮ್ಮಂಥ ಕಪ್ಪು ಮೈಯವ್ರಿಗೆ ಎದ್ದು ಕಾಣತ್ತೆ ಅಂತಾನೂ ಮೊದ್ಲೇ ಹೇಳಿದ್ರು. ಕೆಲವ್ರಲ್ಲಿ ಆ ಕೊಳವೆಯೊಳಗೇ ಒಂದು ಅಡ್ಡ ಪರದೆ ಇದ್ದು ಎರಡು ಖಾನೆ ಆಗಿರತ್ತಂತೆ, ಔಷಧಿ ಒಂದು ಖಾನೆಗೆ ಮಾತ್ರ ಹೋದ್ರೆ ಗುಣ ಆಗಲ್ಲ, ಅಂಥವ್ರಿಗೆ ಇನ್ನೊಂದ್ಸಲ ಚುಚ್ಚಬೇಕಾಗತ್ತೆ, ಅದಕ್ಕೂ ಬಗ್ಗದೆ ಇದ್ರೆ ಮರಗಟ್ಟಿಸಿ ಕೊಳವೆ ಬಿಡಿಸೋ ಸಣ್ಣ ಆಪರೇಶನ್.

ಚುಚ್ಚಿದ ದಿನ ರಾತ್ರಿ ನೋವು ಜಾಸ್ತೀನೇ ಆಯ್ತು, ಮಾರನೇ ದಿನಾನೂ ಇತ್ತು, ಅಮ್ಮನ ಮುಖ ನೋಡೋ ಹಂಗಿರ್ಲಿಲ್ಲ. ಅದು ಒಂದೆರಡು ದಿನ ಹಾಗೇ ಇರತ್ತೆ ಅಂತ ಹೇಳಿದ್ರಿಂದ ಸುಮ್ನಿದ್ದೆ, ಜ್ವರ ಬಂದು ಆ ಜಾಗ ಕೆಂಪಗೆ ಬಿಸಿಯಾಗಿ ಊದ್ಕೊಂಡ್ರೆ ಮಾತ್ರ ತಡ ಮಾಡ್ದೆ ಬರ್ಬೇಕು ಅಂದಿದ್ರು, ಹಾಗೇನೂ ಆಗ್ಲಿಲ್ಲ. ಮುಂದಿನ ವಾರದಲ್ಲಿ ಒಂದಿನ ಪಾತ್ರೆ ಮುಚ್ಚಳ ತಿರುಗಿಸಿ ತೆಗೆದಿಟ್ಟ ಮೇಲೆ ಗೊತ್ತಾಯ್ತು, ನೋವೇ ಆಗ್ಲಿಲ್ವಲ್ಲ ಅಂತ.

ಈಗ ಪಾಪು ಅಂಬೆಗಾಲಿಡ್ತಾಳೆ. ಮಣಿಕಟ್ಟಲ್ಲಿ ಬಳೆ ಕೂರೋ ಕಡೆ ಕಾಸಿನಗಲ ಬಿಳಿ ಮಚ್ಚೆ ಇನ್ನೂ ಇದೆ, ಮೊದಲಿಗಿಂತ ಮಾಸಿದೆ. ದಪ್ಪ ಬೆಡ್‌ಶೀಟ್ ಹಿಂಡಿದ ದಿನ ಸಂಜೆ ಆ ಜಾಗ ಸ್ವಲ್ಪ ಬಿಗಿ ಅನ್ಸತ್ತೆ, ಅವತ್ತು ರಾತ್ರಿ ಸ್ಪೈಕಾ ಹಾಕ್ಕೊಂಡು ಮಲಗ್ತೀನಿ, ಬೆಳಗ್ಗೆಗೆ ಸರಿ ಹೋಗತ್ತೆ. ಅಮ್ಮ ಇವತ್ತಿಗೂ ಅದು ಶೀತಾನೇ ಅಂತಾರೆ, ಇಂಜೆಕ್ಷನ್ನಿಂದ ಶೀತ ಒಣಗ್ತು ಅಂತೆ.